ನಾಲ್ಕು ವಾರದ ಮಾತು, ಒಂದೇ ಭಾನುವಾರ

ನನ್ನದು ತಾರಸಿ ತೋಟದ ಚಾನೆಲ್. ರಾಜಾಜಿನಗರದ ಮನೆ ಮೇಲೆ ಒಂದಷ್ಟು ಕುಂಡ, ವಾರಕ್ಕೊಂದು ಎಂಟು ನಿಮಿಷದ ವಿಡಿಯೊ. ಮೊದಲು ಎಡಿಟಿಂಗ್‌ಗೇ ಎರಡು ರಾತ್ರಿ ಹೋಗುತ್ತಿತ್ತು. ಈಗ ಒಂದು ಸಂಜೆ ಸಾಕು. ಲ್ಯಾಪ್‌ಟಾಪ್ ಅದೇ ಹಳೇದು, ಬದಲಾಗಿದ್ದು ರೆಕಾರ್ಡ್ ಮಾಡುವ ರೀತಿ.

ತಿಂಗಳಿಗೊಂದು ಭಾನುವಾರ ನಾಲ್ಕು ವಿಡಿಯೊದ ಮಾತನ್ನೂ ಒಟ್ಟಿಗೆ ಮುಗಿಸುತ್ತೇನೆ. ಬೆಳಗ್ಗೆ ಆರೂವರೆಗೇ ಕೂರಬೇಕು, ಎಂಟಾದರೆ ಅಕ್ಕಪಕ್ಕದ ಕುಕ್ಕರ್‌ಗಳೆಲ್ಲ ಕೂಗಲು ಶುರು. ಪ್ರತಿ ವಿಡಿಯೊಗೂ ಅಂಗಿ ಬದಲಿಸುತ್ತೇನೆ. ಶುರುವಿನಲ್ಲಿ ‘ಎರಡನೇದು, ಕರಿಬೇವು’ ಎಂದು ಜೋರಾಗಿ ಹೇಳಿಬಿಟ್ಟರೆ ಆಮೇಲೆ ಹುಡುಕಾಟವಿಲ್ಲ.

ಮಾತು ತಪ್ಪಿದರೆ ಕ್ಯಾಮೆರಾ ನಿಲ್ಲಿಸುವುದಿಲ್ಲ. ಎರಡು ಚಪ್ಪಾಳೆ ತಟ್ಟಿ, ಅದೇ ವಾಕ್ಯವನ್ನು ಮತ್ತೆ ಹೇಳುತ್ತೇನೆ. ಟೈಮ್‌ಲೈನ್‌ನ ಆಡಿಯೊ ಗೆರೆಯಲ್ಲಿ ಚಪ್ಪಾಳೆ ಎರಡು ಮುಳ್ಳಿನಂತೆ ಎದ್ದು ಕಾಣುತ್ತದೆ. ಅದರ ಹಿಂದಿನ ವಾಕ್ಯವನ್ನು ಕತ್ತರಿಸಿದರಾಯಿತು. ಒಂದು ಭಾನುವಾರ ಮಾತ್ರ ಪಕ್ಕದ ಸೈಟಿನಲ್ಲಿ ಸುತ್ತಿಗೆ ಸದ್ದು. ಗೆರೆ ತುಂಬ ಮುಳ್ಳೇ ಮುಳ್ಳು! ಅಂಥ ದಿನ ಲೆನ್ಸಿಗೆ ಎರಡು ಸೆಕೆಂಡ್ ಕೈ ಅಡ್ಡ ಹಿಡಿಯುತ್ತೇನೆ. ಕಪ್ಪಾದ ಚಿತ್ರವೇ ಗುರುತು.

ಎಡಿಟಿಂಗ್‌ಗೆ ನಾನು ಬಳಸುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್, ಅದೂ ಉಚಿತ ಆವೃತ್ತಿ. ಶಾರ್ಟ್‌ಕಟ್ ಹತ್ತಾರು ಬೇಡ. `L` ಎರಡು ಸಲ ಒತ್ತಿ ವೇಗವಾಗಿ ಕೇಳಿ, `K` ಒತ್ತಿ ನಿಲ್ಲಿಸಿ, `Ctrl+B` ಒತ್ತಿ ಕತ್ತರಿಸಿ. ಬೇಡದ ತುಂಡನ್ನು ಆಯ್ದು `Backspace` ಒತ್ತಿದರೆ ಅದು ಹೋಗಿ ಜಾಗ ಖಾಲಿ ಉಳಿಯುತ್ತದೆ. `Delete` ಒತ್ತಿದರೆ ಮುಂದಿನದು ಬಂದು ಕೂಡುತ್ತದೆ. ಹೀಗೆ ಕೂಡುವಾಗ ಬಿ-ರೋಲ್, ಅಂದರೆ ಮಾತಿನ ಮೇಲೆ ತೋರಿಸುವ ಬೇರೆ ತುಣುಕುಗಳು, ಮತ್ತು ಸಂಗೀತ ಜಾರಿ ಎಲ್ಲೋ ಹೋಗಬಹುದು. ಅದಕ್ಕೇ ಮಾತು ಪೂರ್ತಿ ಕತ್ತರಿಸುವವರೆಗೆ ಬೇರೇನನ್ನೂ ಹಾಕಬೇಡಿ. ಇಪ್ಪತ್ತು ನಿಮಿಷದ ಮಾತು ಎಂಟಕ್ಕೆ ಇಳಿದ ಮೇಲೆ ಉಳಿದದ್ದು.

ಪ್ರತಿ ವಿಡಿಯೊಗೂ ಒಂದು ಟೆಂಪ್ಲೇಟ್ ಬಳಸುತ್ತೇನೆ, ಎಂದರೆ ಟೈಟಲ್, ಸಂಗೀತ, ಕೊನೆಯ ಪರದೆ ಜೋಡಿಸಿಟ್ಟ ಒಂದು ಪ್ರಾಜೆಕ್ಟ್. ಅದರ ನಕಲು ತೆಗೆದು ಕೆಲಸ ಶುರು ಮಾಡುವುದು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎನ್ನುವುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಕ್ಲಿಪ್ ಹಾಕಿದ ಮೇಲೆ ಪ್ರಾಜೆಕ್ಟಿನದ್ದು ಬದಲಾಗುವುದಿಲ್ಲ. 25ರ ಟೈಮ್‌ಲೈನ್‌ಗೆ ಫೋನಿನ 30ರ ಕ್ಲಿಪ್ ಹಾಕಿದರೆ, ಕ್ಯಾಮೆರಾ ತಿರುಗಿಸಿದ ಕಡೆ ಚಿತ್ರ ತಟಪಟ ಎಗರುತ್ತದೆ.

ಬಿ-ರೋಲನ್ನು ರಿಸಾಲ್ವ್‌ನ `Power Bins` ಎಂಬ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ಅದೇ ಲೈಬ್ರರಿಯ ಎಲ್ಲ ಪ್ರಾಜೆಕ್ಟಿನಲ್ಲೂ ಅದು ಸಿಗುತ್ತದೆ. ಆದರೆ ಅಲ್ಲಿರುವುದು ಫೈಲಲ್ಲ, ಅದರ ಕೊಂಡಿ ಮಾತ್ರ. ಒಮ್ಮೆ ಫೈಲುಗಳನ್ನು ಬೇರೆ ಡಿಸ್ಕಿಗೆ ಸರಿಸಿದೆ, ತೆರೆದರೆ ಎಲ್ಲ ಕಡೆ `Media Offline`. ನೀರು ಹಾಕುವ ಕೈ, ಮಣ್ಣು ಕಲಸುವುದು, ಲಾಲ್‌ಬಾಗ್ ನರ್ಸರಿಯ ಸಸಿಗಳು, ಹೀಗೆ ಒಂದೊಂದೂ ಹತ್ತು ಸೆಕೆಂಡಿನ ತುಣುಕು. ಹೆಸರಿನಲ್ಲಿ ಗಿಡ, ಕೆಲಸದ ಜೊತೆ ಹೊತ್ತನ್ನೂ ಬರೆಯುತ್ತೇನೆ: `ಕರಿಬೇವು_ಚಿವುಟು_ಸಂಜೆ`. ಇಲ್ಲದಿದ್ದರೆ ‘ಬೆಳಗ್ಗೆಯೇ ನೀರು ಹಾಕಿ’ ಎನ್ನುವ ಮಾತಿನ ಮೇಲೆ ಸಂಜೆಯ ಉದ್ದ ನೆರಳು ಬಂದು ಕೂರುತ್ತದೆ. ನೋಡುವವರು ಅದನ್ನು ಸುಮ್ನೆ ಬಿಡಲ್ಲ.