ತಂಗಿಯ ಕವರ್ ಲೆಟರ್ ಇಂಗ್ಲಿಷಿಗೆ ತಂದದ್ದು

ಮೆಡಿಕಲ್ ಶಾಪ್‌ನಲ್ಲಿದ್ದ ತಂಗಿ ಬರೆದಿದ್ದಳು: "ಕೈಲಾದಷ್ಟು ಚೆನ್ನಾಗಿ ಕೆಲಸ ನಿಭಾಯಿಸಿದ್ದೇನೆ, ದಯವಿಟ್ಟು ಒಂದು ಅವಕಾಶ ಕೊಡಿ." ಹಾಗೇ ಇಂಗ್ಲಿಷಿಗೆ ತಂದರೆ ಅಂಗಲಾಚಿದ ಹಾಗಿತ್ತು. 'ಎಕ್ಸಲೆಂಟ್', 'ಹೈಲಿ ಸ್ಕಿಲ್ಡ್' ಸೇರಿಸಿದರೆ ಸುಮ್ನೆ ಜಂಭ.

ಹೊಗಳುವ ಪದಗಳನ್ನೆಲ್ಲ ಕಿತ್ತು, "ಅಲ್ಲಿ ನೀನು ಏನು ಬದಲಾಯಿಸಿದೆ?" ಅಂತ ಕೇಳಿದೆ. ಔಷಧಿಗಳ ಎಕ್ಸ್‌ಪೈರಿಯನ್ನು ತಿಂಗಳಿಗೊಮ್ಮೆ ನೋಡುತ್ತಿದ್ದದ್ದನ್ನು ವಾರಕ್ಕೊಮ್ಮೆ ಮಾಡಿಸಿದ್ದಳಂತೆ. ಇದನ್ನಲ್ವಾ ಮೊದಲು ಹೇಳಬೇಕಾದದ್ದು! ವಾಕ್ಯ ಹೀಗಾಯಿತು: "ಐ ಮೂವ್ಡ್ ಅವರ್ ಎಕ್ಸ್‌ಪೈರಿ ಚೆಕ್ಸ್ ಫ್ರಮ್ ಮಂತ್ಲಿ ಟು ವೀಕ್ಲಿ."

'ಮಾಡಲಾಯಿತು' ಅಂತ ಬರೆದರೆ ಕನ್ನಡದಲ್ಲಿ ವಿನಯ. ಇಂಗ್ಲಿಷ್ ಓದುವವರಿಗೆ ಯಾರು ಮಾಡಿದ್ದೆಂದೇ ತಿಳಿಯುವುದಿಲ್ಲ. ಹಾಗಾಗಿ ಅವಳು ಶುರು ಮಾಡಿದ್ದಕ್ಕೆ 'ಐ', ಎಲ್ಲರೂ ಸೇರಿ ನಡೆಸಿದ್ದಕ್ಕೆ 'ವಿ'. "ಅವಕಾಶ ಕೊಡಿ" ತೆಗೆದು, ನಿಮ್ಮಲ್ಲಿ ಈ ಕೆಲಸ ಹೇಗೆ ಮಾಡಬಹುದೆಂದು ಮಾತಾಡಲು ಸಿದ್ಧ ಅಂತ ಹಾಕಿದೆವು.