ದೊಡ್ಡ ಆರ್ಡರ್ ಕೈತಪ್ಪುತ್ತಿದ್ದುದಕ್ಕೆ ಕಾರಣ ಲೆಕ್ಕದಲ್ಲಿತ್ತು

ನಮ್ಮದು ಸಿಎನ್‌ಸಿ ಟರ್ನಿಂಗ್ ಘಟಕ. 5,000 ಬುಷ್‌ಗಳ ಆರ್ಡರ್‌ಗೆ ನಮ್ಮ ದರ ಯಾವಾಗಲೂ ದುಬಾರಿ, 20 ಬುಷ್‌ಗಳದ್ದು ಕೇಳಿದ ದರಕ್ಕೇ ಸಿಗುತ್ತಿತ್ತು. ಯಂತ್ರಗಳಿಗೆ ಬಿಡುವಿರಲಿಲ್ಲ, ಲಾಭ ಮಾತ್ರ ಕರಗುತ್ತಿತ್ತು.

ಗಂಟೆಯ ದರ ಏರಿಸಿದೆವು. ಉಳಿದಿದ್ದ ದೊಡ್ಡ ಗಿರಾಕಿಯೂ ಹೋದ. ಸಣ್ಣ ಆರ್ಡರ್‌ಗೆ ಶೇ 10 ಹೆಚ್ಚಿಸಿದ್ದು ಯಾತಕ್ಕೂ ಸಾಲಲಿಲ್ಲ.

ದಾರಿ ತೋರಿಸಿದ್ದು ಯಂತ್ರದ ಪಕ್ಕ ನೇತುಹಾಕಿದ ಒಂದು ನೋಟ್‌ಬುಕ್. ಹಳೆಯ ಕೆಲಸದ ಕೊನೆಯ ತುಣುಕು ಇಳಿದ ಹೊತ್ತು, ಹೊಸದರ ಮೊದಲ ತುಣುಕು ತಪಾಸಣೆಯಲ್ಲಿ ಪಾಸಾದ ಹೊತ್ತು: ನಾಲ್ಕು ವಾರ ಇವೆರಡನ್ನೇ ಬರೆಸಿದೆ. ಇವೆರಡರ ನಡುವಿನ ಹೊತ್ತೇ ಸೆಟ್ಟಿಂಗ್, ಅಂದರೆ ಹೊಸ ಕೆಲಸಕ್ಕೆ ಯಂತ್ರವನ್ನು ಸಜ್ಜುಗೊಳಿಸುವುದು. ಬುಷ್ 20 ಇರಲಿ, 5,000 ಇರಲಿ, ಅದಕ್ಕೆ ಆರು ಗಂಟೆಯೇ.

ತಿಂಗಳ ಮೇಲ್ವೆಚ್ಚ 6 ಲಕ್ಷ ರೂಪಾಯಿ. ಮೊದಲು ಅದನ್ನು 1,000 ಯಂತ್ರಗಂಟೆಗಳಿಗೆ ಹಂಚಿ, ಗಂಟೆಗೆ 600 ಹಾಕುತ್ತಿದ್ದೆವು. ಈಗ ಮೂರು ಪಾಲು: ಸೆಟ್ಟಿಂಗ್‌ನ 2 ಲಕ್ಷವನ್ನು 400 ಸೆಟ್ಟಿಂಗ್ ಗಂಟೆಗಳಿಗೆ (500), ತಪಾಸಣೆ ಮತ್ತು ಕಾಗದಪತ್ರದ 1 ಲಕ್ಷವನ್ನು 100 ಆರ್ಡರ್‌ಗಳಿಗೆ (1,000), ಉಳಿದ 3 ಲಕ್ಷವನ್ನು ಯಂತ್ರಗಂಟೆಗಳಿಗೆ (300).

20 ಬುಷ್‌ಗೆ ಯಂತ್ರ ಓಡುವುದು ಎರಡೇ ಗಂಟೆ: 600 + 3,000 + 1,000 = 4,600. ಬುಷ್ ಒಂದಕ್ಕೆ ಮೇಲ್ವೆಚ್ಚ 230 ರೂಪಾಯಿ; ಹಳೆಯ ಲೆಕ್ಕದಲ್ಲಿ 60! 5,000ಕ್ಕೆ ನೂರು ಗಂಟೆ: 30,000 + 3,000 + 1,000 = 34,000. ಒಂದಕ್ಕೆ 12 ಇದ್ದದ್ದು 6.80ಕ್ಕೆ ಇಳಿಯಿತು.

ಒಂದು ಕಡೆ ಎಡವಿದ್ದೆ: ಮೊದಲು ಆ ತಿಂಗಳು ಮಾಡಿದ ಸೆಟ್ಟಿಂಗ್ ಗಂಟೆಗಳಿಗೇ ಭಾಗಿಸಿದ್ದೆ. ಮೇಲಿನ 400 ಎಂಬುದು ಸೆಟ್ಟರ್‌ಗಳು ಮಾಡಬಲ್ಲ ಗಂಟೆ, ಮಾಡಿದ್ದಲ್ಲ. ಮಾಡಿದ್ದಕ್ಕೆ ಭಾಗಿಸಿದರೆ ಕೆಲಸ ಕಡಿಮೆಯಾದ ತಿಂಗಳು ದರ ತಾನಾಗಿ ಏರುತ್ತದೆ. ಖಾಲಿ ಕುಳಿತ ಗಂಟೆಗಳ ಖರ್ಚನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಯಾವ ಆರ್ಡರ್‌ನ ತಲೆಗೂ ಕಟ್ಟಬೇಡಿ.