‘ಮುಂಗಡ ವಾಪಸ್ ಇಲ್ಲ’ ಎಂಬ ಸಾಲನ್ನು ನಾನು ತಿದ್ದಿದ ಬಗೆ

ಬನಶಂಕರಿಯಲ್ಲಿ ನಾನೂ ನನ್ನ ತಮ್ಮನೂ ಒಂದು ಸಣ್ಣ ಪಾರ್ಟಿ ಹಾಲ್ ನಡೆಸುತ್ತೇವೆ. ಸೀಮಂತ, ನಾಮಕರಣ, ನಿಶ್ಚಿತಾರ್ಥಗಳೇ ಹೆಚ್ಚು. ದಿನದ ಬಾಡಿಗೆ 40,000 ರೂಪಾಯಿ, ಮುಂಗಡ 15,000. ಮುಂಗಡ ಕೈಸೇರಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳುಹಿಸುತ್ತಿದ್ದೆವು: ‘ಯಾವುದೇ ಕಾರಣಕ್ಕೂ ಮುಂಗಡ ಹಿಂತಿರುಗಿಸಲಾಗುವುದಿಲ್ಲ.’

ಒಮ್ಮೆ ಸೀಮಂತಕ್ಕೆ ಎಂಟು ದಿನ ಇರುವಾಗ ಆ ಮನೆಯ ಹಿರಿಯರೊಬ್ಬರು ತೀರಿಕೊಂಡರು. ಸೂತಕದಲ್ಲಿ ಸೀಮಂತ ಹೇಗೆ ನಡೆದೀತು? ಹುಡುಗಿಯ ತಂದೆ ಬಂದು ಕುಳಿತರು. “ದುಡ್ಡು ಹೋದರೆ ಹೋಗಲಿ ಸ್ವಾಮಿ. ‘ಯಾವುದೇ ಕಾರಣಕ್ಕೂ’ ಎಂದಿರಲ್ಲ, ಸಾವೂ ಅದರಲ್ಲಿ ಸೇರಿತೇ? ಅದನ್ನಾದರೂ ದುಡ್ಡು ತೆಗೆದುಕೊಳ್ಳುವ ಮೊದಲು ಹೇಳಬಾರದಿತ್ತೇ?” ಎಂದರು. ಎಂಟು ದಿನದಲ್ಲಿ ಬೇರೆ ಗಿರಾಕಿ ಸಿಗಲಿಲ್ಲ, ಹಾಲ್ ಖಾಲಿಯೇ ಉಳಿಯಿತು. ನಮ್ಮ ನಷ್ಟ ನಿಜವೇ. ಆದರೂ ಅವರ ಎರಡನೆಯ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಮೊದಲು ನಾನು ಮಾಡಿದ್ದು ಬರೀ ನಯದ ಕೆಲಸ. ‘ದಯವಿಟ್ಟು’, ‘ಕ್ಷಮೆಯಿರಲಿ’, ‘ಸಹಕರಿಸಿ’ ಎಲ್ಲವನ್ನೂ ಸೇರಿಸಿದೆ. ತಮ್ಮನ ಹೆಂಡತಿ ಓದಿ, “ಬೇವಿಗೆ ಬೆಲ್ಲ ಸವರಿದ ಹಾಗಿದೆ ಭಾವ, ಒಳಗಿನದು ಅದೇ ಅಲ್ಲವೇ?” ಎಂದಳು. ಷರತ್ತನ್ನೇ ತಿದ್ದದೆ ಮಾತನ್ನು ತಿದ್ದಿ ಫಲವಿಲ್ಲ ಎಂದು ಆಗ ತಿಳಿಯಿತು.

ವಕೀಲ ಗೆಳೆಯನೊಬ್ಬ ಇನ್ನೊಂದು ಎಚ್ಚರಿಕೆ ಕೊಟ್ಟ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ, ಕರಾರು ಮುರಿದರೆ ಇಷ್ಟು ದಂಡ ಎಂದು ಮೊದಲೇ ಬರೆದುಕೊಂಡಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ, ಅಷ್ಟೇ. ಅಂದರೆ ಹಣ ಏಕೆ ಉಳಿಸಿಕೊಳ್ಳುತ್ತೇವೆ ಎಂಬುದಕ್ಕೆ ನಮ್ಮ ಬಳಿ ಲೆಕ್ಕವಿರಬೇಕು.

ಹಳೆಯ ಬುಕಿಂಗ್ ಡೈರಿ ತೆರೆದು ಕುಳಿತೆವು. ಒಂದು ದಿನಾಂಕ ಹಿಡಿದಿಟ್ಟ ಕೂಡಲೇ ಅದೇ ದಿನ ಕೇಳಿ ಬಂದವರನ್ನು ಕಳುಹಿಸಿಬಿಡುತ್ತೇವೆ. ಇದು ಯಾವಾಗಲೂ ಆಗುವ ನಷ್ಟ. ಮಿಕ್ಕದ್ದು ಎಷ್ಟು ಮೊದಲು ತಿಳಿಸುತ್ತಾರೆ ಎಂಬುದರ ಮೇಲಿದೆ. ಎರಡು ತಿಂಗಳ ಮೊದಲು ತಿಳಿಸಿದರೆ, ಅದರಲ್ಲೂ ಒಳ್ಳೆಯ ಮುಹೂರ್ತವಿರುವ ದಿನವಾದರೆ, ಬೇರೆಯವರು ಬಂದೇ ಬರುತ್ತಾರೆ. ಆಷಾಢದಲ್ಲಿ ಆ ಮಾತಿಲ್ಲ. ಹೀಗೆ ಮುಂಗಡವನ್ನೇ ಎರಡಾಗಿ ಒಡೆದೆವು. ಜೂನ್ 14ರ ಬುಕಿಂಗ್‌ಗೆ ಆಗ ಬರೆದ ಸಂದೇಶ ಇದು:

‘ನಿಮಗಾಗಿ ಜೂನ್ 14 ಕಾದಿರಿಸಲು 15,000 ರೂ. ಮುಂಗಡ ಬೇಕು. ಇದರಲ್ಲಿ 5,000 ರೂ. ದಿನ ಕಾದಿರಿಸುವ ಶುಲ್ಕ. ಆ ದಿನ ಬೇರೆಯವರಿಗೆ ಇಲ್ಲವೆನ್ನುವುದರಿಂದ, ನೀವು ರದ್ದು ಮಾಡಿದರೆ ಇದನ್ನು ಹಿಂತಿರುಗಿಸುವುದಿಲ್ಲ. ಉಳಿದ 10,000 ರೂ., ಏಪ್ರಿಲ್ 14ರೊಳಗೆ ತಿಳಿಸಿದರೆ ಪೂರ್ತಿ ವಾಪಸ್. ಮೇ 14ರೊಳಗೆ ತಿಳಿಸಿದರೆ ಅರ್ಧ. ಆಮೇಲೆ ತಿಳಿಸಿದರೆ ವಾಪಸ್ ಇಲ್ಲ. ಆದರೆ ಆ ದಿನಕ್ಕೆ ಬೇರೆಯವರು ಸಿಕ್ಕರೆ, ನಮಗಾದ ಕೊರತೆ ಮಾತ್ರ ಹಿಡಿದು ಉಳಿದದ್ದನ್ನು ಕೊಡುತ್ತೇವೆ. ಮನೆಯಲ್ಲಿ ಸಾವಾದರೆ ಆರು ತಿಂಗಳೊಳಗಿನ ಬೇರೆ ದಿನಕ್ಕೆ ಪೂರ್ತಿ ಮುಂಗಡ ವರ್ಗಾಯಿಸುತ್ತೇವೆ. ನಮ್ಮಿಂದಲೇ ರದ್ದಾದರೆ 15,000 ರೂ. ಪೂರ್ತಿ ವಾಪಸ್. ಒಪ್ಪಿಗೆಯಾದರೆ ‘ಒಪ್ಪಿಗೆ’ ಎಂದು ಬರೆಯಿರಿ, ಆಮೇಲೆ ಹಣ ಕಳುಹಿಸಿ.’

‘ಅರವತ್ತು ದಿನ ಮೊದಲು’ ಎಂದು ಬರೆಯದೆ ತಾರೀಕನ್ನೇ ಬರೆಯಲು ಕಾರಣವಿದೆ. ಕಾರ್ಯಕ್ರಮದ ದಿನವೂ ಲೆಕ್ಕಕ್ಕೆ ಸೇರಿತೇ ಎಂದು ಜಗಳವಾಡಿದವರನ್ನು ನೋಡಿದ್ದೇನೆ. ಇನ್ನು ಕೊನೆಯ ಸಾಲಿನ ‘ಆಮೇಲೆ’ ಎಂಬ ಪದ, ಸೀಮಂತದ ಮನೆಯ ಆ ತಂದೆ ಕಲಿಸಿದ್ದು.

ಹೊಸ ಷರತ್ತಿಗೆ ಮೊದಲ ಪರೀಕ್ಷೆ ಒಂದು ನಿಶ್ಚಿತಾರ್ಥದಲ್ಲಿ ಬಂತು. 22 ದಿನ ಇರುವಾಗ ಸಂಬಂಧವೇ ಮುರಿಯಿತು. ಅದೃಷ್ಟಕ್ಕೆ ಒಂದು ನಾಮಕರಣದವರು ಸಿಕ್ಕರು, ಚೌಕಾಸಿ ಮಾಡಿ 34,000ಕ್ಕೆ ಒಪ್ಪಿಸಿದರು. ಕೊರತೆ 6,000. ತಮ್ಮ ತಕ್ಷಣ 10,000ದಲ್ಲಿ 6,000 ಕಳೆದು 4,000 ಕಳುಹಿಸಲು ಹೊರಟ. ನಾನು ತಡೆದೆ. 5,000 ಶುಲ್ಕ ಆಗಲೇ ನಮ್ಮ ಕೈಯಲ್ಲಿದೆ. ಅದರ ಮೇಲೆ 6,000 ಹಿಡಿದರೆ ಆರು ಸಾವಿರದ ನಷ್ಟಕ್ಕೆ ಹನ್ನೊಂದು ಸಾವಿರ ವಸೂಲಿ ಮಾಡಿದಂತಾಗುತ್ತದೆ. ಇನ್ನು ಹಿಡಿಯಬೇಕಾದದ್ದು ಒಂದು ಸಾವಿರ ಮಾತ್ರ. 9,000 ಕಳುಹಿಸಿದೆವು, ಕೆಳಗೆ ಈ ಲೆಕ್ಕವನ್ನೂ ನಾಲ್ಕು ಸಾಲಿನಲ್ಲಿ ಬರೆದೆವು. ಸಂದೇಶದಲ್ಲಿ ‘ಕೊರತೆ’ಯ ಮುಂದೆ ‘ಶುಲ್ಕಕ್ಕಿಂತ ಹೆಚ್ಚಾದ’ ಎಂದು ಸೇರಿಸಿದ್ದು ಅಂದೇ ಸಂಜೆ.